ಗಾಡಿ ಡೈರಿ – 6: ಯಾವುದು ಮೊದಲೋ ಅದು

ಮೊದಲನೇ ಫೋಟೋದಲ್ಲಿರೋ ಸ್ಟಿಕ್ಕರ್ ಸ್ವಲ್ಪ ಝೂಮ್ ಮಾಡಿ ನೋಡಿ. ತಿಪಟೂರಲ್ಲಿರೋ ನಮ್ಮಪ್ಪನ ಸ್ಕೂಟರ್‌ದು. ಸೀಟ್ ಎತ್ತಿದ್ರೆ ಒಳಗಡೆ ಅಂಟಿಸಿದಾರೆ. ಬಾಲ್‌ಪೆನ್‌ನಲ್ಲಿ ಬರೆದಿರೋದು ಇಷ್ಟೇ: "ಮುಂದಿನ ಆಯಿಲ್ 18,400". ತಾರೀಖು ಇಲ್ಲ, ತಿಂಗಳೂ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಬೆಳಗ್ಗೆ ಅಪ್ಪ ಹಾಲು ತರೋಕೆ ಅಂತ ಗಾಡಿ ತೆಗೆದ್ರು. ಸೆಲ್ಫ್ ಒತ್ತಿದ್ರು, ಸ್ಟಾರ್ಟ್ ಆಗಲಿಲ್ಲ. ಕಿಕ್ಕರ್ ಏಳೆಂಟು ಸಲ ಹೊಡೆದ ಮೇಲೆ ಎಂಜಿನ್ ಹಿಡೀತು, ಆದ್ರೆ ಸದ್ದು ಒಂಥರಾ ಒರಟು. "ಅಪ್ಪಾ, ಆಯಿಲ್ ಯಾವಾಗ ಚೇಂಜ್ ಮಾಡಿಸಿದ್ದು?" ಅಂದೆ.

"ಇನ್ನೂ ಟೈಮ್ ಇದೆ ಕಣೋ. 18,400ಕ್ಕೆ ಅಂತ ಬರೆದಿದಾನಲ್ಲ, ಮೀಟರ್ ನೋಡು" ಅಂದ್ರು.

ಮೀಟರ್ 16,520 ತೋರಿಸ್ತಿತ್ತು. ಲೆಕ್ಕದಲ್ಲಿ ಇನ್ನೂ 1,880 ಕಿಲೋಮೀಟರ್ ಬಾಕಿ. ಅಪ್ಪ ಹೇಳಿದ್ದು ಸುಳ್ಳಲ್ಲ.

ಡಿಕ್ಕಿಯಲ್ಲಿದ್ದ ಹಳೇ ಬಿಲ್ ತೆಗೆದು ನೋಡಿದೆ. ಹಿಂದಿನ ಸಲ ಆಯಿಲ್ ಹಾಕಿಸಿದ್ದು 2022ರ ಜೂನ್ 8ಕ್ಕೆ, ಆಗ ಮೀಟರ್ 12,400. ಅಂದ್ರೆ ಒಂದೇ ಆಯಿಲ್‌ನಲ್ಲಿ ಇಪ್ಪತ್ತೇಳು ತಿಂಗಳು ಓಡಿಸಿದಾರೆ!

ಈಗ ಎರಡನೇ ಫೋಟೋ. ಆಯಿಲ್ ಹಾಕೋ ಮುಚ್ಚಳ ಬಿಚ್ಚಿದ್ರೆ ಅದರಲ್ಲೇ ಒಂದು ಕಡ್ಡಿ ಇರುತ್ತಲ್ಲ, ಆಯಿಲ್ ಮಟ್ಟ ನೋಡೋದು, ಅದು. ತುದಿಯಲ್ಲಿ ಕಪ್ಪು ಆಯಿಲ್ ಇದೆ, ಸರಿ. ಮುಚ್ಚಳದ ಒಳಗಡೆ ನೋಡಿ, ಹಾಲು ಜಾಸ್ತಿ ಆದ ಕಾಫಿ ಬಣ್ಣದ ನೊರೆ ಅಂಟಿದೆ. ಅದು ಆಯಿಲ್‌ಗೆ ನೀರು ಸೇರಿರೋದು.

ಮಳೆ ನೀರು ಒಳಗೆ ಹೋಗಿದೆ ಅಂತ ಅಪ್ಪ ಅಂದುಕೊಂಡ್ರು. ಅಲ್ಲ. ಪೆಟ್ರೋಲ್ ಉರಿದಾಗ ಆವಿ ರೂಪದಲ್ಲಿ ನೀರು ಹುಟ್ಟುತ್ತೆ. ಹೆಚ್ಚಿನದು ಸೈಲೆನ್ಸರ್‌ನಿಂದ ಆಚೆ ಹೋಗುತ್ತೆ, ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಆಯಿಲ್ ಇರೋ ಜಾಗ ಸೇರುತ್ತೆ. ಗಾಡಿ ಅರ್ಧ ಗಂಟೆ ಒಂದೇ ಸಮ ಓಡಿದ್ರೆ ಆಯಿಲ್ ಚೆನ್ನಾಗಿ ಕಾದು ಆ ನೀರು ಮತ್ತೆ ಆವಿಯಾಗಿ ಹೋಗಿಬಿಡುತ್ತೆ. ಅಪ್ಪನ ಓಡಾಟ ಹಾಗಲ್ಲ. ಹಾಲಿನ ಬೂತ್‌ಗೆ ಒಂದು ಕಿಲೋಮೀಟರ್, ಅಲ್ಲಿಂದ ತರಕಾರಿ ಅಂಗಡಿ, ಸಂಜೆ ದೇವಸ್ಥಾನ. ದಿನಕ್ಕೆ ಒಟ್ಟು ಐದು ಕಿಲೋಮೀಟರ್, ಅದೂ ಮೂರ್ನಾಲ್ಕು ತುಂಡಾಗಿ. ಎಂಜಿನ್ ಬಿಸಿ ಆಗೋಷ್ಟರಲ್ಲಿ ಆಫ್. ನೀರು ಒಳಗೇ ಉಳಿಯುತ್ತೆ. ಹೀಗಾಗಿ ಕಮ್ಮಿ ಓಡೋ ಗಾಡಿಯ ಆಯಿಲ್ ಕಿಲೋಮೀಟರ್ ಆಗದಿದ್ರೂ ಹಾಳಾಗುತ್ತೆ.

ಡಿಕ್ಕಿಯಲ್ಲಿದ್ದ ಮ್ಯಾನ್ಯುಯಲ್ ತೆಗೆದು ಅಪ್ಪನಿಗೆ ಆ ಸಾಲು ತೋರಿಸಿದೆ. 6,000 ಕಿಲೋಮೀಟರ್ ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಅವರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ಆ ಸ್ಟಿಕ್ಕರ್‌ನವನು ಅರ್ಧ ಬರೆದ, ನಾನು ಅರ್ಧ ಓದಿದೆ" ಅಂದ್ರು.

ಅಪ್ಪನಿಗೆ ಬುದ್ಧಿ ಹೇಳಿದ ಜಂಬದಲ್ಲಿ ವಾಪಸ್ ಬಂದೆ. ಆ ಜಂಬ ಒಂದು ವಾರ ಇತ್ತು ಅಷ್ಟೇ.

ನಾನು ನೆಲಮಂಗಲದಿಂದ ಬೆಂಗಳೂರಿಗೆ ಬೈಕ್‌ನಲ್ಲಿ ದಿನಾ ಹೋಗಿ ಬರ್ತೀನಿ. ಸುಮಾರು 50 ಕಿಲೋಮೀಟರ್, ತಿಂಗಳಿಗೆ 25 ದಿನ. ಸರ್ವಿಸ್ ಮರೀಬಾರದು ಅಂತ ಫೋನ್ ಕ್ಯಾಲೆಂಡರ್‌ನಲ್ಲಿ ಆರು ತಿಂಗಳಿಗೊಂದು ರಿಮೈಂಡರ್ ಇಟ್ಟಿದ್ದೆ. ಅದು ಬಂದ ದಿನಾನೇ ಗಾಡಿ ಬಿಡ್ತಿದ್ದೆ, ಒಂದು ಸಲಾನೂ ತಪ್ಪಿಸಿರಲಿಲ್ಲ. ಆ ಸೆಪ್ಟೆಂಬರ್ 15ಕ್ಕೆ ರಿಮೈಂಡರ್ ಬರೋದಿತ್ತು. ಅದಕ್ಕೆ ಎರಡು ದಿನ ಮುಂಚೆ, ತುಮಕೂರು ರಸ್ತೆಯಲ್ಲಿ ಮಳೆ. ಮುಂದಿದ್ದ ಟೆಂಪೋ ಗಕ್ಕನೆ ನಿಂತ. ಮುಂದಿನ ಬ್ರೇಕ್ ಹಿಡಿದೆ. ಕಿರ್ರ್ ಅಂತ ಕಬ್ಬಿಣ ಉಜ್ಜೋ ಸದ್ದು ಬಂತು, ಗಾಡಿ ನಾನು ಅಂದುಕೊಂಡ ಜಾಗದಲ್ಲಿ ನಿಲ್ಲಲಿಲ್ಲ. ಟೆಂಪೋ ಹಿಂದಿನ ಬಂಪರ್‌ಗೂ ನನ್ನ ಮುಂದಿನ ಚಕ್ರಕ್ಕೂ ಒಂದು ಗೇಣು ಜಾಗ ಉಳಿದಿತ್ತು.

ಬಿಚ್ಚಿ ನೋಡಿದ್ರೆ ಬ್ರೇಕ್ ಪ್ಯಾಡ್‌ನಲ್ಲಿ ಪ್ಯಾಡೇ ಇಲ್ಲ. ಹಿಂದಿನ ಕಬ್ಬಿಣದ ಪಟ್ಟಿ ನೇರವಾಗಿ ಡಿಸ್ಕ್‌ಗೆ ಉಜ್ಜುತ್ತಿತ್ತು. ಡಿಸ್ಕ್ ತಣ್ಣಗಾದ ಮೇಲೆ ಉಗುರು ಆಡಿಸಿದೆ, ಗ್ರಾಮಫೋನ್ ತಟ್ಟೆ ಥರ ಗೀರು ಸಿಕ್ತು (ಮೂರನೇ ಫೋಟೋ). ಆಯಿಲ್ ಕೂಡ ಕೆಳಗಿನ ಗೆರೆಗಿಂತ ಕೆಳಗಿತ್ತು. ಗೇರ್ ಗಟ್ಟಿಯಾಗಿ ಬೀಳ್ತಿದ್ದಿದ್ದು ಯಾಕೆ ಅಂತ ಆಗ ಅರ್ಥ ಆಯ್ತು.

ನನ್ನ ಬೈಕ್ ಮ್ಯಾನ್ಯುಯಲ್‌ನಲ್ಲಿ ಇರೋದು 5,000 ಕಿಲೋಮೀಟರ್ ಅಥವಾ 6 ತಿಂಗಳು. ತಿಂಗಳಿಗೆ 1,250ರ ಲೆಕ್ಕದಲ್ಲಿ ನಾಲ್ಕೇ ತಿಂಗಳಿಗೆ 5,000 ಮುಗಿಯುತ್ತೆ. ನಾನು ಪ್ರತಿ ಸಲ 7,500 ಓಡಿಸಿ ಆಮೇಲೆ ಸರ್ವಿಸ್‌ಗೆ ಬಿಡ್ತಿದ್ದೆ. ಟೈಮ್‌ಗೆ ಸರಿಯಾಗಿ! ಪ್ಯಾಡ್ ಸವೆದಿದೆಯಾ ಅಂತ ನೋಡೋದೂ ಅದೇ ಸರ್ವಿಸ್‌ನಲ್ಲಿ. ನಾಲ್ಕು ತಿಂಗಳಿಗೆ ಹೋಗಿದ್ರೆ ಬರೀ ಪ್ಯಾಡ್ ಬದಲಿಸಿ ಮುಗಿಸಬಹುದಿತ್ತು. ಈಗ ಡಿಸ್ಕ್ ಪ್ಲೇಟ್ ಖರ್ಚೂ ಸೇರಿತು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯ್ಲಿಲ್ಲ. "ನಾನು ಮೀಟರ್ ನೋಡ್ಕೊಂಡು ಕೂತಿದ್ದೆ, ನೀನು ಕ್ಯಾಲೆಂಡರ್ ನೋಡ್ಕೊಂಡು ಕೂತಿದ್ದೆ. ಒಂದೇ ಸಾಲು, ಆ ಕಡೆ ಅರ್ಧ ನಿಂದು, ಈ ಕಡೆ ಅರ್ಧ ನಂದು" ಅಂದ್ರು.

ಅವತ್ತು ರಾತ್ರಿ ಕೂತು ಎರಡೂ ಗಾಡಿಗೆ ಸೇರಿಸಿ ಒಂದು ಶೀಟ್ ಮಾಡಿದೆ. ನಾಲ್ಕನೇ ಫೋಟೋ. ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. ಸಾಲಿನಲ್ಲಿ ಐದು ಮನೆ: ಕೆಲಸದ ಹೆಸರು, ಕೊನೇ ಸಲ ಮಾಡಿಸಿದ ತಾರೀಖು, ಆಗಿನ ಮೀಟರ್, ಎಷ್ಟು ತಿಂಗಳಿಗೊಮ್ಮೆ, ಎಷ್ಟು ಕಿಲೋಮೀಟರ್‌ಗೊಮ್ಮೆ. ಪಕ್ಕದಲ್ಲಿ ಇನ್ನು ಮೂರು ಮನೆ: ಇತ್ತೀಚೆಗೆ ಮೀಟರ್ ನೋಡಿದ ದಿನ, ಅವತ್ತಿನ ಮೀಟರ್, ದಿನಕ್ಕೆ ಸರಾಸರಿ ಎಷ್ಟು ಓಡುತ್ತೆ. ಆರನೇ ಮನೆಯಲ್ಲಿ ಈ ಒಂದು ಸಾಲು:

```
=MIN(EDATE(B2,D2), $J$1+(C2+E2-$J$2)/$J$3)
```

ಇದು ಮಾಡೋದು ಇಷ್ಟೇ. ಮೊದಲ ಭಾಗ ತಿಂಗಳು ಕೂಡಿಸಿ ಒಂದು ತಾರೀಖು ಕೊಡುತ್ತೆ. ಎರಡನೇ ಭಾಗ ಬಾಕಿ ಇರೋ ಕಿಲೋಮೀಟರ್ ಅನ್ನು ದಿನದ ಓಟದಿಂದ ಭಾಗಿಸಿ ಇನ್ನೊಂದು ತಾರೀಖು ಕೊಡುತ್ತೆ. ಎರಡರಲ್ಲಿ ಯಾವುದು ಮೊದಲೋ ಅದು ಮನೆಯಲ್ಲಿ ಕಾಣುತ್ತೆ. ನಂಬರ್ ಥರ ಕಂಡ್ರೆ ಆ ಮನೆಯನ್ನ ಡೇಟ್ ಫಾರ್ಮ್ಯಾಟ್‌ಗೆ ಬದಲಿಸಿ.

ನಮ್ಮ ಎರಡು ಗಾಡಿ ಲೆಕ್ಕ ಹೇಗೆ ಬಂತು ನೋಡಿ. ಅಪ್ಪನ ಸ್ಕೂಟರ್‌ಗೆ ಆಯಿಲ್ ಹಾಕಿಸಿದ್ದು 2024ರ ಸೆಪ್ಟೆಂಬರ್ 10ಕ್ಕೆ, 16,520ರಲ್ಲಿ. ದಿನಕ್ಕೆ 5 ಕಿಲೋಮೀಟರ್. ಮೀಟರ್ ಪ್ರಕಾರ ಮುಂದಿನ ಆಯಿಲ್ 2027ರ ಡಿಸೆಂಬರ್‌ಗೆ. ತಾರೀಖಿನ ಪ್ರಕಾರ 2025ರ ಮಾರ್ಚ್ 10ಕ್ಕೆ. ಗೆದ್ದಿದ್ದು ತಾರೀಖು. ನನ್ನ ಬೈಕ್‌ಗೆ ಸೆಪ್ಟೆಂಬರ್ 15, ಮೀಟರ್ 31,200, ದಿನಕ್ಕೆ ಸರಾಸರಿ 42. ತಾರೀಖಿನ ಪ್ರಕಾರ ಮಾರ್ಚ್ 15, ಮೀಟರ್ ಪ್ರಕಾರ ಜನವರಿ 12ರ ಹೊತ್ತಿಗೇ. ಇಲ್ಲಿ ಗೆದ್ದಿದ್ದು ಮೀಟರ್.

ಎಲ್ಲಾ ಸಾಲಿಗೂ ಎರಡೂ ಬೇಕಾಗಲ್ಲ. ನನ್ನ ಬೈಕ್ ಚೈನ್‌ಗೆ ಲ್ಯೂಬ್ ಹಾಕೋದು 500 ಕಿಲೋಮೀಟರ್‌ಗೊಮ್ಮೆ, ಅದು ಓಡಿದ್ದಕ್ಕೆ ಮಾತ್ರ ಸಂಬಂಧ. ಬ್ರೇಕ್ ಫ್ಲೂಯಿಡ್ ಉಲ್ಟಾ. ಗಾಡಿ ನಿಂತಿದ್ರೂ ಅದು ಗಾಳಿಯಲ್ಲಿರೋ ತೇವ ಎಳ್ಕೊಳ್ತಾ ಇರುತ್ತೆ, ಎರಡು ವರ್ಷಕ್ಕೆ ಬದಲಿಸಬೇಕು. ಹೊಗೆ ಸರ್ಟಿಫಿಕೇಟು, ಇನ್ಶೂರೆನ್ಸು ಕೂಡ ಬರೀ ತಾರೀಖು. ಬೇಡದ ಮನೆಯಲ್ಲಿ ಸೊನ್ನೆ ಹಾಕಬೇಡಿ, ಕೊನೇ ಸಲ ಮಾಡಿಸಿದ ಹೊತ್ತಿನ ಹಳೇ ತಾರೀಖೇ ಬಂದುಬಿಡುತ್ತೆ. ದೊಡ್ಡ ಸಂಖ್ಯೆ ಹಾಕಿ. ಬ್ರೇಕ್ ಫ್ಲೂಯಿಡ್ ಸಾಲಲ್ಲಿ ನಾನು 99,999 ಕಿಲೋಮೀಟರ್ ಅಂತ ಹಾಕಿದೀನಿ.

ಈ ಶೀಟ್‌ನ ಒಂದು ದೌರ್ಬಲ್ಯ ಹೇಳಲೇಬೇಕು. ತಾರೀಖು ತಾನಾಗೇ ಮುಂದೆ ಹೋಗುತ್ತೆ, ಮೀಟರ್ ಹೋಗಲ್ಲ. ಯಾರಾದ್ರೂ ನೋಡಿ ಬರೀಬೇಕು. ನಾಲ್ಕು ತಿಂಗಳ ಹಿಂದಿನ ರೀಡಿಂಗ್ ಇಟ್ಕೊಂಡ್ರೆ ಅದು ಹೇಳೋ ತಾರೀಖೂ ಹಳೇದೇ. ನಾನು ಪೆಟ್ರೋಲ್ ಹಾಕಿಸಿದಾಗಲೆಲ್ಲ ಬರೀತೀನಿ. ಅಪ್ಪನಿಗೆ ಶೀಟ್ ಗೀಟ್ ಎಲ್ಲ ಆಗಲ್ಲ. ಅದಕ್ಕೆ ಒಂದು ಒಪ್ಪಂದ ಮಾಡ್ಕೊಂಡ್ವಿ. ಪ್ರತಿ ತಿಂಗಳು ಒಂದನೇ ತಾರೀಖು ಮೀಟರ್ ಫೋಟೋ ತೆಗೆದು ವಾಟ್ಸಾಪ್ ಮಾಡೋದು, ಉಳಿದಿದ್ದು ನಾನು ತುಂಬೋದು.

ಅಪ್ಪ ಒಂದು ತಿಂಗಳೂ ತಪ್ಪಿಸಲಿಲ್ಲ. ಅಕ್ಟೋಬರ್ 16,625. ನವೆಂಬರ್ 16,780. ಡಿಸೆಂಬರ್ 16,930. ಜನವರಿ 17,085. ಎಲ್ಲಾ ಸರಿಯಾಗಿ ದಿನಕ್ಕೆ ಐದೇ ಕಿಲೋಮೀಟರ್, ಗಡಿಯಾರದ ಹಾಗೆ.

ಫೆಬ್ರವರಿ 1ರ ಫೋಟೋ, 17,103.

ಮೊದಲು ನಾನೇ ತಪ್ಪು ಓದಿದೆ ಅಂದ್ಕೊಂಡೆ. ಇಡೀ ಜನವರಿಗೆ 18 ಕಿಲೋಮೀಟರ್? ಹೊಸ ಸರಾಸರಿ ಹಾಕಿ ನೋಡಿದ್ರೆ, ಮೀಟರ್ ಲೆಕ್ಕದಲ್ಲಿ ಮುಂದಿನ ಆಯಿಲ್‌ಗೆ ಇನ್ನೂ 25 ವರ್ಷಕ್ಕೂ ಮೇಲೆ ಬೇಕು. ನಗು ಬಂತು. ಹಳೇ ಸ್ಕೂಟರ್, ಮೀಟರ್ ಕೇಬಲ್ ತುಂಡಾಗಿರುತ್ತೆ ಅಂತ ಫೋನ್ ಮಾಡಿದೆ.

"ಅಪ್ಪಾ, ಗಾಡಿ ಓಡಿಸುವಾಗ ಸ್ಪೀಡೋಮೀಟರ್ ಮುಳ್ಳು ಆಡುತ್ತಾ?"

"ಆಡುತ್ತೆ ಕಣೋ, ಚೆನ್ನಾಗೇ ಇದೆ" ಅಂದ್ರು. ಆಮೇಲೆ ಸುಮ್ಮನಾದ್ರು.

ಅಮ್ಮ ಫೋನ್ ಇಸ್ಕೊಂಡು ಆ ಕಡೆ ರೂಮಿಗೆ ಹೋದ್ರು. "ಸಂಕ್ರಾಂತಿಗೆ ಮುಂಚಿಂದ ಗಾಡೀನೇ ತೆಗೀತಿಲ್ಲ. ಎಡ ಮಂಡಿ ಊದ್ಕೊಂಡಿದೆ, ಗಾಡಿ ನಿಲ್ಲಿಸುವಾಗ ಕಾಲು ಊರೋಕಾಗಲ್ಲ. ಒಂದ್ಸಲ ಅಂಗಡಿ ಮುಂದೆ ಗಾಡಿ ಸಮೇತ ವಾಲಿಬಿಟ್ರಂತೆ. ನಿಂಗೆ ಹೇಳಬೇಡ ಅಂದಿದಾರೆ."

ಮಂಡಿ ವಿಷಯ ಮುಚ್ಚಿಟ್ಟಿದ್ದ ಮನುಷ್ಯ ಮೀಟರ್ ಫೋಟೋ ಮಾತ್ರ ಒಂದನೇ ತಾರೀಖಿಗೆ ಸರಿಯಾಗಿ ಕಳಿಸಿದ್ದಾರೆ. ಕೊಟ್ಟ ಮಾತು ಅಂತ.

ಆ ಶನಿವಾರ ಹೋಗಿ ಮೂಳೆ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಮಂಡಿ ಸವೆತ, ಸದ್ಯಕ್ಕೆ ವ್ಯಾಯಾಮ, ಮಾತ್ರೆ, ಮೂರು ತಿಂಗಳು ಗಾಡಿ ಬೇಡ ಅಂದ್ರು. ಶೀಟ್‌ನಲ್ಲಿ ಮಾರ್ಚ್ 10 ಹಾಗೇ ಇತ್ತು. ಗಾಡಿ ನಿಂತಿದೆ ಅಂತ ತಾರೀಖು ನಿಲ್ಲಲ್ಲವಲ್ಲ. ಅವತ್ತು ನಾನೇ ಹೋಗಿ ಆಯಿಲ್ ಬದಲಿಸಿದೆ. ಬ್ಯಾಟರಿ ಇಳಿದಿತ್ತು, ಚಾರ್ಜ್ ಮಾಡಿಸಿದೆ. ಆಮೇಲೆ ಗಾಡಿಯನ್ನ ಅರಸೀಕೆರೆ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದೆ. ಮನೆಗೆ ಬಂದು, ಎಂಜಿನ್ ಆರಿದ ಮೇಲೆ ಮುಚ್ಚಳ ಬಿಚ್ಚಿ ಅಪ್ಪನಿಗೆ ತೋರಿಸಿದೆ. ನೊರೆ ಇರಲಿಲ್ಲ. ಅವರು ಜಗಲಿ ಮೇಲೆ ಕಾಲು ಚಾಚಿ ಕೂತಿದ್ರು, ಮುಚ್ಚಳ ಇಸ್ಕೊಂಡು ಬೆಳಕಿಗೆ ಹಿಡಿದು ನೋಡಿದ್ರು.

"ಸ್ಟಿಕ್ಕರ್ ಮೇಲೆ ಈ ಸಲ ಎರಡೂ ಬರಿ" ಅಂದ್ರು.

ಕೊನೇ ಫೋಟೋ ಅದೇ. ಹಳೇ ಸ್ಟಿಕ್ಕರ್ ಪಕ್ಕದಲ್ಲಿ ಹೊಸದು. ಒಂದು ನಂಬರ್, ಒಂದು ತಾರೀಖು. ಅಕ್ಷರ ಅಪ್ಪಂದು, ನನ್ನ ಕೈಬರಹ ಅವರಿಗೆ ಹಿಡಿಸಲಿಲ್ಲ.

ಈಗ ನಿಮ್ಮ ಗಾಡಿ ಹತ್ರ ಹೋಗಿ ಸ್ಟಿಕ್ಕರ್ ನೋಡಿ ಬನ್ನಿ. ಅದರಲ್ಲಿ ಬರೀ ಕಿಲೋಮೀಟರ್ ಇದೆಯಾ, ತಾರೀಖೂ ಇದೆಯಾ? ಕಾಮೆಂಟ್‌ನಲ್ಲಿ ಹೇಳಿ. ಊರಲ್ಲಿ ಅಪ್ಪನೋ ಮಾವನೋ ಗಾಡಿ ಓಡಿಸ್ತಿದ್ರೆ, ಒಂದನೇ ತಾರೀಖಿನ ಫೋಟೋ ಒಪ್ಪಂದ ಇವತ್ತೇ ಮಾಡ್ಕೊಳ್ಳಿ.

ಮುಂದಿನ ಭಾಗ: ಟೈರ್ ಪಕ್ಕದಲ್ಲಿರೋ ನಾಲ್ಕು ಅಂಕಿ ಏನು ಹೇಳುತ್ತೆ.

#ಗಾಡಿಡೈರಿ #ಯಾವುದುಮೊದಲೋಅದು #ಅಪ್ಪನಸ್ಕೂಟರ್