ಮೊದಲು ಆಯ್ಕೆ, ಆಮೇಲೆ ಅಂದಾಜು

ಬ್ಯಾಂಕ್ ಪರೀಕ್ಷೆಯ ಅಂದಾಜು ಲೆಕ್ಕಗಳೆಂದರೆ ನನಗೆ ಬಲು ಪ್ರೀತಿ. ಯಾಪಲದಿನ್ನಿಯಿಂದ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಪೆನ್ನು ತೆಗೆಯದೆ, ಬಾಯಲ್ಲೇ ಅವನ್ನು ಬಿಡಿಸುತ್ತ ಕೂರುವುದು ನನ್ನ ಖುಷಿ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ 35 ಲೆಕ್ಕಕ್ಕೆ 20 ನಿಮಿಷ, ತಪ್ಪಿದರೆ ಕಾಲು ಅಂಕ ಹೋಗುತ್ತದೆ. ಅಲ್ಲಿ ದಶಾಂಶಗಳನ್ನು ಗುಣಿಸುತ್ತ ಕೂತರೆ ಮುಗಿಯಿತು.

489.6ರ ಶೇ. 14.3ಕ್ಕೆ 17.03 × 11.98 ಕೂಡಿಸಿದರೆ ಸುಮಾರು ಎಷ್ಟು? ನಾನು ಮೊದಲು ನೋಡುವುದು ಆಯ್ಕೆಗಳನ್ನು: 250, 262, 274, 290, 310. ಒಂದಕ್ಕೊಂದು ಹನ್ನೆರಡಾದರೂ ಅಂತರವಿದೆ. ಐದರಷ್ಟು ಆಚೀಚೆಯಾದರೂ ಉತ್ತರ ಕೈತಪ್ಪದು. ಶೇ. 14.3 ಎಂದರೆ ಹೆಚ್ಚುಕಡಿಮೆ ಏಳನೇ ಒಂದು ಭಾಗ. 490ರ ಏಳನೇ ಒಂದು 70. ಹದಿನೇಳು ಹನ್ನೆರಡಲೆ 204. ಒಟ್ಟು 274.

ಗುಣಾಕಾರದಲ್ಲಿ ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು. ರಾಯಚೂರಿನ ಮಾರುಕಟ್ಟೆಯಲ್ಲಿ 7.96 ಕ್ವಿಂಟಲ್ ಹತ್ತಿಗೆ 7,020 ರೂಪಾಯಿ ದರ ಸಿಕ್ಕಿತೆನ್ನಿ. ಎಂಟು ಏಳಲೆ ಐವತ್ತಾರು, ಅಂದರೆ 56,000. ನಿಜವಾದ ಮೊತ್ತ 55,879. ಎರಡನ್ನೂ ಏರಿಸಿ 8 × 7,100 ಮಾಡಿದ್ದರೆ ಒಂಬೈನೂರಕ್ಕೂ ಹೆಚ್ಚು ವ್ಯತ್ಯಾಸ ಬರುತ್ತಿತ್ತು. ಭಾಗಾಕಾರದಲ್ಲಿ ಇದು ತಿರುಗುಮುರುಗು: ಎರಡನ್ನೂ ಒಂದೇ ಕಡೆಗೆ ಸರಿಸಬೇಕು. 7,183 ÷ 23.8 ಅನ್ನು 7,200 ÷ 24 ಮಾಡಿದರೆ 300. ನಿಜ ಉತ್ತರ 301.8.

ಈ ಆಟದ ಕಳ್ಳ ಇರುವುದು ವ್ಯವಕಲನದಲ್ಲಿ. ಪರೀಕ್ಷೆಗೆ ಓದುತ್ತಿರುವ ಪಕ್ಕದ ಮನೆಯ ಹುಡುಗ ಒಂದು ಸಂಜೆ ಹಾಳೆ ಹಿಡಿದು ಬಂದ. ಲೆಕ್ಕ (402.6 − 397.4) × 48.9. ಆಯ್ಕೆಗಳಲ್ಲಿ 225, 255, 295 ಇದ್ದವು. ಅವನು 403ರಲ್ಲಿ 397 ಕಳೆದು, ಆರನ್ನು 49ರಿಂದ ಗುಣಿಸಿ 294 ತಂದು, 295ಕ್ಕೆ ಗುರುತು ಹಾಕಿದ್ದ.

‘ಅಣ್ಣಾ, ಬರೇ ಪಾಯಿಂಟ್ ನಾಕು ಸರಿಸೀನಿ, ಇಷ್ಟ್ಯಾಕ ಫರಕ್ ಬಂತು?’ ಎಂದ.

‘ನಾನೂರರ ಮುಂದ ಪಾಯಿಂಟ್ ನಾಕು ಏನೂ ಅಲ್ಲೋ. ಆದ್ರ ಕಳದ ಮ್ಯಾಲ ಉಳದಿದ್ದು ಎಷ್ಟು, ಅದನ್ನ ನೋಡು’ ಎಂದೆ.

ಉಳಿದದ್ದು 5.2. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದ್ದರಿಂದ ಎರಡು ಕಡೆಯ 0.4 ಸೇರಿ 0.8 ಆಗಿ, ಅಷ್ಟು ಸಣ್ಣ ಸಂಖ್ಯೆಯಲ್ಲಿ ನೂರಕ್ಕೆ ಹದಿನೈದರಷ್ಟು ತಪ್ಪು ನುಸುಳಿತ್ತು. 49ರಿಂದ ಗುಣಿಸಿದಾಗ ಆ 0.8ರ ತಪ್ಪೂ ಅಷ್ಟೇ ಪಟ್ಟು ಬೆಳೆಯಿತು. 5.2 × 49 ಮಾಡಿದ್ದರೆ 254.8, ಉತ್ತರ 255.

ಪರೀಕ್ಷೆಯವರು 295 ಅನ್ನು ಸುಮ್ಮನೆ ಇಟ್ಟಿರುವುದಿಲ್ಲ. ಅವಸರದಲ್ಲಿ ಸಂಖ್ಯೆ ಸರಿಸಿದವರು ಎಲ್ಲಿಗೆ ಬಂದು ಬೀಳುತ್ತಾರೆಂದು ಅವರಿಗೆ ಗೊತ್ತು. ಅದಕ್ಕೇ ಹತ್ತಿರದ ಎರಡು ಸಂಖ್ಯೆಗಳ ನಡುವೆ ಕಳೆಯುವ ಚಿಹ್ನೆ ಕಂಡರೆ ನಾನು ಮೊದಲು ಇದ್ದದ್ದು ಇದ್ದ ಹಾಗೆಯೇ ಕಳೆಯುತ್ತೇನೆ, ಆಮೇಲೆ ಅಂದಾಜಿಗೆ ಇಳಿಯುತ್ತೇನೆ. ಆಯ್ಕೆಗಳು ಒಂದೆರಡು ಅಂಕಿಯಷ್ಟೇ ದೂರವಿದ್ದರೆ ಅಂದಾಜಿನ ಗೊಡವೆಗೇ ಹೋಗುವುದಿಲ್ಲ.