ಠಾಣೆ–ರಬಾಳೆ ನಡುವೆ ಒಂದು ರೋಡ್ ಎಂಜಿನ್

ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದವನಿಗೆ ಮೊಬೈಲ್ ನೋಡುವ ಯೋಗವಿಲ್ಲ. ಜೇಬಿಗೆ ಕೈ ಹಾಕಿದರೆ ಅದು ಪಕ್ಕದವರ ಜೇಬಾಗಿರುತ್ತದೆ. ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೆ ನನ್ನ ಹೊತ್ತು ಶುರು. ದಿಘಾ, ಐರೋಲಿ, ರಬಾಳೆ. ಹೆಚ್ಚೆಂದರೆ ಕಾಲು ಗಂಟೆ.

ಮೊದಲು ನಮ್ಮ ಟೀಮಿನ ಹುಡುಗರು ಹೇಳಿದ ಒಂದು ವೆಬ್ ಸೀರೀಸ್ ಹಚ್ಚಿಕೊಂಡೆ. 'ಲೈಟ್ ಆಗಿದೆ ಸರ್, ಅರ್ಧ ಗಂಟೆಯದು.' ಕಂತು ಚಿಕ್ಕದೇನೋ ನಿಜ, ಆದರೆ ಕತೆ ಎಂಟು ಕಂತಿನದು. ಮೊದಲ ಕಂತಿನಲ್ಲಿ ಬಿದ್ದ ಗಂಟು ಕೊನೆಯದರಲ್ಲಿ ಬಿಚ್ಚುತ್ತದೆ. ನಿಲ್ಲಿಸಲಾಗದೆ ಒಂದು ದಿನ ರಬಾಳೆ ದಾಟಿ ಘಣಸೋಲಿಯಲ್ಲಿ ಇಳಿದೆ. ಒಂಬತ್ತೂವರೆಯ ಕಾಲ್ ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ಮುಗಿಸಿದೆ. ಉಳಿದ ಕಂತುಗಳು ಆ ರಾತ್ರಿ ಎರಡರವರೆಗೆ ನಿದ್ದೆ ತಿಂದವು.

ಆಮೇಲೆ ಹಳೆಯದಕ್ಕೇ ಮರಳಿದೆ. ಟಿವಿಯ ಅರ್ಧ ಗಂಟೆ ಎಂದರೆ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ನೋಡುವವರು ನಡುವೆ ಎದ್ದುಹೋಗುತ್ತಾರೆ ಎಂದು ತಿಳಿದೇ ಬರೆದದ್ದು ಅದು. ವಿರಾಮಕ್ಕೆ ಮುಂಚೆ ಒಂದು ಪೇಚು. ವಿರಾಮದ ನಂತರ ಯಾರಾದರೂ ಒಂದು ಮಾತಿನಲ್ಲಿ ಆ ಪೇಚನ್ನು ಮತ್ತೆ ನೆನಪಿಸುತ್ತಾರೆ. 'ಪಾಪ ಪಾಂಡು' ನೋಡಿ: ಶ್ರೀಮತಿಯ ಕೈಲಿ ಪಾಂಡು ಇವತ್ತು ಎಷ್ಟೇ ಪೆಟ್ಟು ತಿಂದರೂ ನಾಳೆ ಲೆಕ್ಕ ಸೊನ್ನೆಯಿಂದ ಶುರು. ಹಿಂದಿನದು ನೋಡಿರಬೇಕಾಗಿಲ್ಲ.

ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಎರಡೂ ಬಗೆ ಇವೆ. ಸ್ವಾಮಿಯ ಕತೆ ಹಲವು ಕಂತುಗಳಿಗೆ ಹರಡಿದೆ; ರೈಲಿಗೆ ಆಗುವುದಿಲ್ಲ. 'ಎಂಜಿನ್ ಟ್ರಬಲ್' ಒಂದೇ ಕಂತಿನದು. ಜಾತ್ರೆಯಂಥ ಮೇಳದಲ್ಲಿ ಒಬ್ಬನಿಗೆ ಬಹುಮಾನವಾಗಿ ರೋಡ್ ಎಂಜಿನ್ ಬರುತ್ತದೆ. ಮಾರೋಣವೆಂದರೆ ಕೊಳ್ಳುವವರಿಲ್ಲ, ನಿಲ್ಲಿಸಿದ ಜಾಗಕ್ಕೆ ಮುನಿಸಿಪಾಲಿಟಿಗೆ ಬಾಡಿಗೆ ಕಟ್ಟಬೇಕು. (ನಮ್ಮಲ್ಲೂ ಯಾರಿಗೂ ಬೇಡದ, ಲೈಸೆನ್ಸ್ ಮಾತ್ರ ಪ್ರತಿವರ್ಷ ಕಟ್ಟುವ ಒಂದು ಸರ್ವರ್ ಇದೆ.) ಕೊನೆಗೆ ದೇವಸ್ಥಾನದ ಆನೆ ಕಟ್ಟಿ ಎಳೆಸಲು ಹೋಗಿ, ಎಂಜಿನ್ ಗೋಡೆಗೆ ನುಗ್ಗುತ್ತದೆ. ಸಾಲ ತೀರಿಸಬೇಕಾದವನಿಗೆ ಇನ್ನೊಂದು ಸಾಲ. ಪ್ರತಿ ಹೆಜ್ಜೆಗೂ ಒಂದು ನಗು ಪೂರ್ತಿಯಾಗುವುದರಿಂದ ಎಲ್ಲಿ ನಿಲ್ಲಿಸಿದರೂ ಬರಿಗೈಯಾಗುವುದಿಲ್ಲ. ಗೋಡೆ ಬಿದ್ದಲ್ಲಿಗೆ ರಬಾಳೆ ಬಂತು. ಇಳಿದೆ.

ಮಧ್ಯಾಹ್ನ ಮಗಳ ಫೋನು. ಪಿಟಿಎ ಮೀಟಿಂಗಿಗೆ ಈ ಸಲವೂ ಬರಲಾಗುವುದಿಲ್ಲ ಎನ್ನಬೇಕಿತ್ತು. ಅವಳು ಸುಮ್ಮನಾದಾಗ ಏನು ಹೇಳಲೂ ತೋಚದೆ, ಆನೆ ಮತ್ತು ಗೋಡೆಯ ಕತೆ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವಳು, 'ಆಮೇಲೆ?' ಎಂದಳು.

'ಗೊತ್ತಿಲ್ಲ ಪುಟ್ಟಿ, ಉಳಿದರ್ಧ ಬರೋವಾಗ ನೋಡ್ತೀನಿ.'

'ನೋಡ್ಬೇಡ ಅಪ್ಪ. ಮನೇಲಿ ನೋಡೋಣ.'

ಸಂಜೆ ಐರೋಲಿ ದಾಟುವಾಗ ಕೈ ಎರಡು ಸಲ ಜೇಬಿಗೆ ಹೋಯಿತು. ತೆಗೆಯಲಿಲ್ಲ.