ಬಿಟ್ಟ ಅರ್ಧದ ಲೆಕ್ಕ

ಎರಡರ ಮಗ್ಗಿಯೊಂದು ಬಂದರೆ ಸಾಕು, ಎಂಥ ಗುಣಾಕಾರವನ್ನೂ ಮಾಡಬಹುದು. ಹೀಗೆಂದಾಗ ಕೇಶ್ವಾಪುರದ ನಮ್ಮ ಓಣಿಯ ಹುಡುಗಿಯೊಬ್ಬಳು ನಂಬಲಿಲ್ಲ. ಅವಳ ಮನೆಯ ಕಾರ್ಯಕ್ಕೆ ಉಳ್ಳಾಗಡ್ಡಿ ಬಂದಿತ್ತು: 22 ಕಿಲೋ, ಕಿಲೋಕ್ಕೆ 35 ರೂಪಾಯಿ. ಅದೇ ಚೀಟಿಯ ಹಿಂದೆ, ರಷ್ಯದ ರೈತರದು ಎಂದು ಹೆಸರಾದ ಕ್ರಮದಲ್ಲಿ ಬರೆದು ತೋರಿಸಿದೆ.

ಎಡಗಡೆ 22ನ್ನು ಅರ್ಧ ಮಾಡುತ್ತ ಹೋಗಬೇಕು, ಅರೆ ಉಳಿದರೆ ಬಿಡಬೇಕು: 22, 11, 5, 2, 1. ಬಲಗಡೆ ಅಷ್ಟೇ ಸಲ 35ರ ಇಮ್ಮಡಿ: 35, 70, 140, 280, 560. ಎಡಗಡೆ ಸಮಸಂಖ್ಯೆ ಇರುವ ಸಾಲುಗಳನ್ನು ಹೊಡೆದುಹಾಕಿದರೆ 70, 140, 560 ಉಳಿಯುತ್ತವೆ. ಕೂಡಿದರೆ 770.

"ಬಿಟ್ಟ ಅರ್ಧಾ ಎಲ್ಲಿ ಹೋತು, ಕಾಕಾ?" ಎಂದಳು.

ಇಡೀ ವಿದ್ಯೆಯ ಕೀಲಿ ಇರುವುದು ಈ ಪ್ರಶ್ನೆಯಲ್ಲೇ. 22 ಮೂವತ್ತೈದು ಅಂದರೆ 11 ಎಪ್ಪತ್ತು. ಇಲ್ಲಿ ಏನೂ ಕಳೆದಿಲ್ಲ, ಆದ್ದರಿಂದ ಆ ಸಾಲು ಬೇಡ. 11 ಎಪ್ಪತ್ತನ್ನು 5 ನೂರಾನಲವತ್ತು ಮಾಡಿದಾಗ ಮಾತ್ರ ಒಂದು ಎಪ್ಪತ್ತು ಹೊರಗುಳಿಯುತ್ತದೆ. ಬೆಸ ಸಾಲಿನಲ್ಲಿ ಹೊರಗುಳಿದದ್ದು ಬಲಗಡೆ ಕಾದು ಕೂತಿರುತ್ತದೆ; ಕೊನೆಗೆ ಅದನ್ನೇ ಕೂಡುತ್ತೇವೆ. ಕೊನೆಯ 1ರ ಸಾಲೂ ಬೆಸವೇ. ಅವಸರದಲ್ಲಿ ಅದನ್ನು ಮರೆತರೆ ಅತಿ ದೊಡ್ಡ ಪಾಲೇ ತಪ್ಪಿ ಲೆಕ್ಕ 210ಕ್ಕೆ ನಿಲ್ಲುತ್ತದೆ.

ಈಗ ಎಡಸಾಲನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಬೆಸಕ್ಕೆ 1, ಸಮಕ್ಕೆ 0 ಬರೆಯಿರಿ: 10110. ಇದು 22ರ ದ್ವಿಮಾನ ರೂಪ. ನಮ್ಮ ದಶಮಾನದಲ್ಲಿ ಸ್ಥಾನಗಳು ಬಿಡಿ, ಹತ್ತು, ನೂರು ಎಂದು ಏರಿದರೆ ಇಲ್ಲಿ 1, 2, 4, 8, 16 ಎಂದು ಏರುತ್ತವೆ. 22 ಅಂದರೆ 16, 4 ಮತ್ತು 2. ಉಳಿಸಿಕೊಂಡ 560, 140, 70 ಕೂಡ ಮೂವತ್ತೈದರ 16, 4, 2 ಪಟ್ಟುಗಳೇ. ಒಂದು ಸಂಖ್ಯೆ ಬೆಸವೋ ಸಮವೋ ಎಂದು ನೋಡುವುದೆಂದರೆ ಅದರ ದ್ವಿಮಾನದ ಬಿಡಿಸ್ಥಾನವನ್ನು ಓದುವುದು. ಅರ್ಧ ಮಾಡುವುದೆಂದರೆ ಆ ಅಂಕಿಯನ್ನು ಅಳಿಸಿ ಮುಂದಿನದನ್ನು ಅಲ್ಲಿಗೆ ಸರಿಸುವುದು.

1957ಕ್ಕೆ ಮುಂಚೆ ಪೇಟೆಗೆ ಹೋದವರಿಗೆ ಇದು ಕೈಯಲ್ಲೇ ಇತ್ತು. ಒಂದಾಣೆ, ಎರಡಾಣೆ, ನಾಕಾಣೆ, ಎಂಟಾಣೆ ಒಂದೊಂದೇ ಇದ್ದರೆ ರೂಪಾಯಿಯೊಳಗಿನ ಯಾವ ಆಣೆಯ ಲೆಕ್ಕವನ್ನೂ ಚಿಲ್ಲರೆ ಕೇಳದೆ ಕೊಡಬಹುದು. ಹದಿಮೂರಾಣೆಗೆ ಎಂಟು, ನಾಲ್ಕು, ಒಂದು. ಒಂದೊಂದನ್ನು ಒಮ್ಮೆ ಮಾತ್ರ ಬಳಸುವುದಾದರೆ ಬೇರೆ ದಾರಿಯೇ ಇಲ್ಲ.

ನನಗೆ ಇನ್ನೂ ಹೆಚ್ಚು ಸಂತೋಷ ಕೊಡುವುದು ಮಳಖೇಡದ ನಂಟು. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಗುಣೋತ್ತರ ಶ್ರೇಢಿಗೆ ಬೇಕಾದ ದೊಡ್ಡ ಘಾತಗಳನ್ನು ಪಡೆಯಲು ಇಂಥದೇ ದಾರಿ ಹಿಡಿದ. ಪದಗಳ ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ. ಆಮೇಲೆ ಗುರುತುಗಳನ್ನು ಹಿಂದಿನಿಂದ ಓದುತ್ತ ಅರ್ಧವಿದ್ದಲ್ಲಿ ವರ್ಗ ಮಾಡು, ಒಂದು ಕಳೆದಲ್ಲಿ ಗುಣಿಸು. ರೈತ ಇಮ್ಮಡಿಸುವಲ್ಲಿ ಆಚಾರ್ಯ ವರ್ಗ ಮಾಡುತ್ತಾನೆ, ರೈತ ಕೂಡುವಲ್ಲಿ ಗುಣಿಸುತ್ತಾನೆ.

ಹುಡುಗಿ ಚೀಟಿ ಕಸಿದುಕೊಂಡು 35ನ್ನು ಅರ್ಧ ಮಾಡತೊಡಗಿದಳು: 35, 17, 8, 4, 2, 1. ಸಾಲು ಒಂದು ಹೆಚ್ಚಾಯಿತು. ಚಿಕ್ಕ ಸಂಖ್ಯೆಯನ್ನು ಅರ್ಧ ಮಾಡಿದರೆ ಕೆಲಸ ಕಡಿಮೆ. ಆದರೂ ತಾಳೆ ನೋಡಲು ಇದೇ ಒಳ್ಳೆಯ ಉಪಾಯ. 22, 44, 704 ಕೂಡಿದಳು. 770 ಬಂತು.